ತಾಯಿಯ ಧ್ವನಿಸಂದೇಶದಲ್ಲಿ ಕೋರಿಕೆ ಎಲ್ಲಿದೆ? ಕನ್ನಡ ಮೌಖಿಕ ಸಂದೇಶದ ಸಂಕ್ಷೇಪಣೆಯಲ್ಲಿ ವ್ಯಾಕರಣರೂಪ ಮತ್ತು ಉದ್ದೇಶ

ಸಾರಾಂಶ

ಊರಿನಲ್ಲಿರುವ ತಂದೆತಾಯಿಗಳು ಹೊರದೇಶದಲ್ಲಿರುವ ಮಕ್ಕಳಿಗೆ ಕಳುಹಿಸುವ ದೀರ್ಘ ಧ್ವನಿಸಂದೇಶವನ್ನು ಕೆಲವೇ ಸಾಲುಗಳ ಕೋರಿಕೆಗಳಾಗಿ ಇಳಿಸುವಾಗ ವಿಧ್ಯರ್ಥಕ ರೂಪಗಳನ್ನು ಆಯ್ದುಕೊಳ್ಳುವುದು ಸುಲಭದ ದಾರಿಯಾಗಿ ತೋರುತ್ತದೆ. ಆದರೆ ಇಂತಹ ಸಂದೇಶಗಳಲ್ಲಿ ವಿಧ್ಯರ್ಥಕವು ಹೆಚ್ಚಾಗಿ ಅಕ್ಕರೆಯನ್ನು ಹೊರುತ್ತದೆ. ನಿಜವಾದ ಕೋರಿಕೆಯು ಹೇಳಿಕೆ, ಪಕ್ಷಾರ್ಥಕ, ಸಂದೇಹಸೂಚಕ ರೂಪಗಳಲ್ಲಿ ಅಡಗಿರುತ್ತದೆ. ಚನ್ನಗಿರಿ ಸೀಮೆಯ ಬದುಕನ್ನು ಹಿನ್ನೆಲೆಯಾಗಿಟ್ಟುಕೊಂಡು ರಚಿಸಿದ ಒಂದು ಮಾದರಿ ಸಂದೇಶದ ಮೂಲಕ ಇದರ ಕಾರಣವನ್ನೂ, ‘ಅಂತ’ ಮತ್ತು ‘ಅಂತೆ’ಗಳ ಪಾತ್ರವನ್ನೂ, ಸಂಕ್ಷೇಪವು ತಪ್ಪಿದೆಯೇ ಎಂಬುದನ್ನು ಪರೀಕ್ಷಿಸುವ ಬಗೆಯನ್ನೂ ಈ ಲೇಖನದಲ್ಲಿ ವಿವರಿಸಿದ್ದೇವೆ.

ಕೀಲಿಪದಗಳು: ವಾಕ್ಕ್ರಿಯೆ, ಪರೋಕ್ಷ ಕೋರಿಕೆ, ವಿಧ್ಯರ್ಥಕ, ಉಲ್ಲೇಖಕ, ಸಂಕ್ಷೇಪಣೆ, ಆಡುಗನ್ನಡ

1. ಪ್ರವೇಶ

ವಾಟ್ಸ್‌ಆ್ಯಪ್‌ನಲ್ಲಿ ಧ್ವನಿಸಂದೇಶದ ಸೌಲಭ್ಯ ಬಂದದ್ದು 2013ರಲ್ಲಿ. ಅದಕ್ಕೆ ಮೊದಲು ಊರಿನಿಂದ ಹೊರದೇಶಕ್ಕೆ ಮಾತು ತಲುಪುತ್ತಿದ್ದುದು ಕಾಗದದ ಮೂಲಕ ಇಲ್ಲವೆ ದೂರವಾಣಿ ಕರೆಯ ಮೂಲಕ. ಕಾಗದವನ್ನು ಬರೆಯುವವರು ತಾವೇ ವಿಷಯವನ್ನು ಅಡಕಗೊಳಿಸುತ್ತಿದ್ದರು. ಕರೆಯಲ್ಲಿ ಕೇಳುಗನು ನಡುನಡುವೆ ಪ್ರಶ್ನೆ ಹಾಕಿ ಮಾತಿನ ತಿರುಳನ್ನು ಹೊರಗೆಳೆಯುತ್ತಿದ್ದನು. ಧ್ವನಿಸಂದೇಶದಲ್ಲಿ ಈ ಎರಡೂ ಇಲ್ಲ. ಅದು ಮಾತಿನಂತೆ ಹರಿಯುತ್ತದೆ, ಆದರೆ ಕಾಗದದಂತೆ ಒಮ್ಮುಖವಾಗಿರುತ್ತದೆ. ಹೀಗಾಗಿ ಅಡಕಗೊಳಿಸುವ ಕೆಲಸವು ಕೇಳುವವನ ಪಾಲಿಗೆ ಬರುತ್ತದೆ. ಅವನಿಗೆ ಬಿಡುವಿಲ್ಲದಿದ್ದರೆ ಊರಿಗೆ ಹತ್ತಿರವಿರುವ ತಂಗಿಯೋ ಅಣ್ಣನೋ ಅದನ್ನು ಕೇಳಿ, ನಾಲ್ಕು ಸಾಲು ಬರೆದು ಕಳುಹಿಸುತ್ತಾರೆ. ಈ ಕೆಲಸ ಮಾಡುವವರನ್ನು ಇಲ್ಲಿ ಸಂಕ್ಷೇಪಕಾರ ಎಂದು ಕರೆಯುತ್ತೇವೆ.

ನಾವು ಆಯ್ದುಕೊಂಡಿರುವ ಪ್ರದೇಶ ದಾವಣಗೆರೆ ಜಿಲ್ಲೆಯ ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಮತ್ತು ಜಗಳೂರು ತಾಲ್ಲೂಕುಗಳು. 1997ರಲ್ಲಿ ಈ ಜಿಲ್ಲೆಯು ರಚನೆಯಾದಾಗ ಚನ್ನಗಿರಿ, ಹೊನ್ನಾಳಿಗಳು ಶಿವಮೊಗ್ಗದಿಂದಲೂ ಜಗಳೂರು ಚಿತ್ರದುರ್ಗದಿಂದಲೂ ಬಂದವು. ಭದ್ರಾ ನಾಲೆಯ ನೀರುಂಡ ತೋಟ, ಗದ್ದೆಗಳ ಸೀಮೆಯೂ ಮಳೆಯನ್ನೇ ನೆಚ್ಚಿದ ಒಣಬೇಸಾಯದ ಸೀಮೆಯೂ ಹೀಗೆ ಒಂದೇ ಜಿಲ್ಲೆಯೊಳಗೆ ಸೇರಿಕೊಂಡಿವೆ. ತಾಯಿಯ ಮಾತಿನಲ್ಲಿ ‘ಯಾವಾಗ’ ಎಂಬುದು ಹೇಗೆ ವ್ಯಕ್ತವಾಗುತ್ತದೆ ಎಂಬುದಕ್ಕೆ ಈ ವ್ಯತ್ಯಾಸ ಮುಖ್ಯ. ಅದನ್ನು 6ನೆಯ ಭಾಗದಲ್ಲಿ ನೋಡುತ್ತೇವೆ.

2. ಮಾದರಿ ಸಂದೇಶ

ಕೆಳಗಿನ ಸಂದೇಶವು ಯಾವ ವ್ಯಕ್ತಿಯ ಧ್ವನಿಮುದ್ರಣವೂ ಅಲ್ಲ. ವಿವರಣೆಗಾಗಿ ನಾವೇ ರಚಿಸಿದ್ದು. ಚನ್ನಗಿರಿ ತಾಲ್ಲೂಕಿನ ಒಂದು ಹಳ್ಳಿಯ ತಾಯಿಯು ಅಮೆರಿಕದ ಡಲ್ಲಾಸಿನಲ್ಲಿರುವ ಮಗನಿಗೆ ಅಡಿಕೆ ಕೊಯ್ಲಿಗೆ ಮುಂಚೆ ಕಳುಹಿಸಿದ್ದು ಎಂದು ಭಾವಿಸೋಣ. ಚರ್ಚೆಯ ಅನುಕೂಲಕ್ಕಾಗಿ ಉಕ್ತಿಗಳಿಗೆ ಸಂಖ್ಯೆ ಕೊಟ್ಟಿದ್ದೇವೆ.

(1) ಮಗಾ, ಊಟ ಆಯ್ತೇನಪ್ಪ? ಬಿಡುವಾದಾಗ ಕೇಳು, ಅವಸರ ಏನಿಲ್ಲ.

(2) ನಾವೆಲ್ಲ ಆರಾಮ ಇದೀವಿ, ನಮ್ ಚಿಂತೆ ಮಾಡ್ಬೇಡ.

(3) ನೋಡು, ನಿಮ್ಮಪ್ಪಗೆ ಮೊಣಕಾಲು ನೋವು ಹಂಗೇ ಐತೆ.

(4) ದಾವಣಗೆರೆಗೆ ಹೋಗಿ ತೋರಿಸ್ಕೊಂಡ್ ಬರ್ರಿ ಅಂದ್ರೆ, ಕೊಯ್ಲು ಮುಗೀಲಿ ಅಂತಾರೆ.

(5) ನನ್ ಮಾತೆಲ್ಲಿ ಕೇಳ್ತಾರೆ? ನೀನು ಹೇಳಿದ್ರೆ ಕೇಳ್ತಾರೇನೋ.

(6) ಈ ಸಲ ತೋಟ ಚೇಣಿಗೆ ಕೊಡೋಣ ಅಂತ ನಿಮ್ ಚಿಕ್ಕಪ್ಪ ಅಂತಾರೆ. ಹೋದ್ ವರ್ಷ ಬಂದಿದ್ದ ಚೇಣಿದಾರ ಈ ವರ್ಷ ಜಾಸ್ತಿ ಕೊಡ್ತಾನಂತೆ.

(7) ನಿಮ್ಮಪ್ಪಗೆ ನಾವೇ ಕೊಯ್ಸಿ ಬೇಯಿಸ್ಬೇಕು ಅಂತ ಮನಸು. ನನಗೇನ್ ಗೊತ್ತಾಗುತ್ತೆ, ನೀವು ನೀವು ಮಾತಾಡ್ಕೊಳ್ರಿ.

(8) ಆಮೇಲೆ ಇನ್ನೊಂದು ವಿಷ್ಯ. ಪಹಣಿ ಇನ್ನೂ ನಿಮ್ಮಜ್ಜನ ಹೆಸರಲ್ಲೇ ಐತೆ, ಪೌತಿ ಖಾತೆ ಮಾಡಿಸ್ಕೊಳ್ರಿ ಅಂತ ವಿಎ ಹೇಳಿ ಹೋದ್ರು.

(9) ವಂಶವೃಕ್ಷಕ್ಕೆ ಎಲ್ಲರ ಆಧಾರೂ ಬೇಕಂತೆ. ನಿನ್ ಆಧಾರು ಬೀರುವೆಲ್ಲಾ ಹುಡುಕಿದೆ, ಸಿಗಲಿಲ್ಲ.

(10) ದುಡ್ಡಿಂದೇನೂ ಇಲ್ಲ, ನೀನೇನೂ ಕಳಿಸ್ಬೇಡ.

(11) ಬೋರಿನ ಮೋಟ್ರು ಸುಟ್ಟಿತ್ತು, ರಿವೈಂಡಿಂಗ್ ಮಾಡಿಸಿದ್ವಿ. ಅಂಗಡಿಯವ್ರು ಮುಂದಿನ ತಿಂಗ್ಳು ಕೊಡ್ರಿ ಅಂದಿದಾರೆ.

(12) ಮತ್ತೆ, ಇದು ನಿನ್ ತಂಗಿ ಮದುವೆ ಆದ್ಮೇಲೆ ಮೊದಲ್ನೇ ದೀಪಾವಳಿ, ಅಳಿಯಂದ್ರು ಬರ್ತಾರೆ. ನೀನು ಬರೋಕಾಗಲ್ಲ, ಗೊತ್ತು. ಪಾಡ್ಯದ ದಿನ ಬೆಳಿಗ್ಗೆ ವಿಡಿಯೋದಲ್ಲಿ ಒಂದ್ಸಲ ಕಂಡ್ರೆ ಸಾಕು.

(13) ಹೊತ್ತಿಗೆ ಸರಿಯಾಗಿ ಉಣ್ಣು, ಹುಷಾರಾಗಿರು. ಇಡ್ಲೇನಪ್ಪ?

ಇದನ್ನು ಅವಸರದಲ್ಲಿ ಕೇಳಿದವರು ಬರೆಯಬಹುದಾದ ಸಂಕ್ಷೇಪ ಹೀಗಿರುತ್ತದೆ: “ಎಲ್ಲರೂ ಆರಾಮ, ಅವಸರವಿಲ್ಲ. ಅಪ್ಪನಿಗೆ ಮೊಣಕಾಲು ನೋವು. ತೋಟ ಚೇಣಿಗೆ ಕೊಡಬೇಕಂತೆ, ಬೆಲೆ ಜಾಸ್ತಿ ಸಿಗುತ್ತದೆ. ಪೌತಿ ಖಾತೆ ಮಾಡಿಸಬೇಕು. ಹಣ ಬೇಡ. ದೀಪಾವಳಿಗೆ ತಂಗಿ, ಭಾವ ಬರುತ್ತಾರೆ.” ಇದರಲ್ಲಿನ ಒಂದೊಂದು ಮಾತಿಗೂ ಸಂದೇಶದಲ್ಲಿ ಆಧಾರವಿದೆ. ಆದರೂ ತಾಯಿ ಮಗನಿಂದ ಬಯಸಿದ ಒಂದು ಕೆಲಸವೂ ಇದರಲ್ಲಿ ಇಲ್ಲ. ಮುಂದಿನ ಭಾಗಗಳಲ್ಲಿ ಇದು ಹೇಗಾಯಿತೆಂಬುದನ್ನು ಪರಿಶೀಲಿಸುತ್ತೇವೆ.

3. ವಿಧ್ಯರ್ಥಕವೂ ಕೋರಿಕೆಯೂ

ಸಂದೇಶದಲ್ಲಿ ಮಗನನ್ನು ನೇರವಾಗಿ ಉದ್ದೇಶಿಸಿದ ವಿಧಿ ಮತ್ತು ನಿಷೇಧ ರೂಪಗಳು ಏಳು: ಕೇಳು, ಚಿಂತೆ ಮಾಡ್ಬೇಡ, ನೋಡು, ಮಾತಾಡ್ಕೊಳ್ರಿ, ಕಳಿಸ್ಬೇಡ, ಉಣ್ಣು, ಹುಷಾರಾಗಿರು. ಇವುಗಳಲ್ಲಿ ‘ನೋಡು’ ಗಮನ ಸೆಳೆಯುವ ಪದವಾಗಿ ಸವೆದಿದೆ. ಅಲ್ಲಿ ನೋಡಬೇಕಾದದ್ದು ಏನೂ ಇಲ್ಲ. ‘ಮಾತಾಡ್ಕೊಳ್ರಿ’ ಮತ್ತು ‘ಕಳಿಸ್ಬೇಡ’ಗಳನ್ನು ಸದ್ಯಕ್ಕೆ ಬದಿಗಿಡೋಣ. ಉಳಿದ ನಾಲ್ಕೂ ಕೇಳುಗನ ಹಿತಕ್ಕೆ ಸಂಬಂಧಿಸಿದವು. ಬಿಡುವಾದಾಗ ಕೇಳಿದರೆ, ಚಿಂತೆ ಬಿಟ್ಟರೆ, ಹೊತ್ತಿಗೆ ಉಂಡರೆ, ಹುಷಾರಾಗಿದ್ದರೆ ಒಳಿತಾಗುವುದು ಮಗನಿಗೆ.

ಮಗನಿಗೆ ಶ್ರಮ ಕೊಡುವ ಮಾತುಗಳ ರೂಪ ಬೇರೆ. ತಂದೆಗೆ ತಿಳಿಹೇಳಬೇಕೆಂಬುದು ‘ನೀನು ಹೇಳಿದ್ರೆ ಕೇಳ್ತಾರೇನೋ’ ಎಂಬ ಪಕ್ಷಾರ್ಥಕ ಮತ್ತು ಸಂದೇಹಸೂಚಕಗಳ ಜೋಡಣೆಯಲ್ಲಿದೆ. ಆಧಾರ್ ಪ್ರತಿ ಕಳುಹಿಸಬೇಕೆಂಬುದು ‘ಸಿಗಲಿಲ್ಲ’ ಎಂಬ ಭೂತಕಾಲದ ನಿಷೇಧದಲ್ಲಿದೆ. ಹಬ್ಬದ ದಿನ ವಿಡಿಯೋ ಕರೆ ಮಾಡಬೇಕೆಂಬುದು ‘ಕಂಡ್ರೆ ಸಾಕು’ ಎಂಬಲ್ಲಿದೆ. ಈ ಮೂರರಲ್ಲಿ ಒಂದೂ ವಿಧ್ಯರ್ಥಕವಲ್ಲ. ಕೊನೆಯದರಲ್ಲಿ ಕಾಣಬೇಕಾದವನು ಯಾರೆಂಬ ಕರ್ತೃಪದವೂ ಇಲ್ಲ.

ಜೆಫ್ರಿ ಲೀಚ್ 1983ರಲ್ಲಿ ಮಂಡಿಸಿದ ಲಾಭ–ವೆಚ್ಚದ ಅಳತೆಗೋಲು ಇದನ್ನು ಅರ್ಥಮಾಡಿಕೊಳ್ಳಲು ನೆರವಾಗುತ್ತದೆ. ಮಾಡಬೇಕಾದ ಕೆಲಸ ಕೇಳುಗನಿಗೆ ಲಾಭದಾಯಕವಾದಷ್ಟೂ ನೇರ ರೂಪ ಸಹಜವಾಗುತ್ತದೆ. ಅದು ಕೇಳುಗನಿಗೆ ಹೊರೆಯಾದಷ್ಟೂ ಮಾತು ಬಳಸುದಾರಿ ಹಿಡಿಯುತ್ತದೆ. ಬ್ರೌನ್ ಮತ್ತು ಲೆವಿನ್ಸನ್ನರ ಚೌಕಟ್ಟಿನಲ್ಲಿ ಅಧಿಕಾರ, ದೂರ, ಹೊರೆ ಎಂಬ ಮೂರು ಅಂಶಗಳಿವೆ. ತಾಯಿಗೆ ಮಗನ ಮೇಲಿರುವ ಅಧಿಕಾರವನ್ನಷ್ಟೇ ಲೆಕ್ಕಕ್ಕೆ ತೆಗೆದುಕೊಂಡರೆ ಎಲ್ಲವೂ ‘ಮಾಡು’ ಎಂಬ ರೂಪದಲ್ಲಿ ಬರಬೇಕಿತ್ತು. ಹಾಗೆ ಬಾರದಿರುವುದರಿಂದ ಇಲ್ಲಿ ರೂಪವನ್ನು ನಿರ್ಧರಿಸುತ್ತಿರುವುದು ಹೊರೆಯೇ ಎಂದು ಹೇಳಬಹುದು. ಹೊರದೇಶದಲ್ಲಿ ದುಡಿಯುವ ಮಗನ ಸಮಯವನ್ನು ಕೇಳುವುದು ತಾಯಿಯ ಪಾಲಿಗೆ ಭಾರವಾದ ಸಂಗತಿ.

ಸಂಕ್ಷೇಪಕಾರನಿಗೆ ಇದರಿಂದ ಸಿಗುವ ಮೊದಲ ಸೂತ್ರ ಸರಳವಾಗಿದೆ. ಪ್ರತಿ ಉಕ್ತಿಯ ಮುಂದೆ ‘ಇದನ್ನು ಮಾಡಿದರೆ ಯಾರಿಗೆ ಕೆಲಸ, ಯಾರಿಗೆ ಒಳಿತು?’ ಎಂದು ಕೇಳಬೇಕು. ಕೆಲಸ ಮಗನದಾಗಿ ಒಳಿತು ಮನೆಯದಾಗಿದ್ದರೆ ಅದು ಯಾವ ರೂಪದಲ್ಲಿದ್ದರೂ ಕೋರಿಕೆಯ ಪಟ್ಟಿಗೆ ಸೇರಬೇಕು. ಕೆಲಸವೂ ಒಳಿತೂ ಮಗನದೇ ಆಗಿದ್ದರೆ ಅದು ಅಕ್ಕರೆಯ ಮಾತು.

ಬದಿಗಿಟ್ಟಿದ್ದ ‘ಮಾತಾಡ್ಕೊಳ್ರಿ’ ಈ ಸೂತ್ರಕ್ಕೆ ಅಪವಾದದಂತೆ ಕಾಣುತ್ತದೆ. ಅದು ಕೋರಿಕೆಯೂ ಹೌದು, ವಿಧ್ಯರ್ಥಕವೂ ಹೌದು. ಆದರೆ ಅಲ್ಲಿರುವ ‘ಕೊಳ್’ ಎಂಬ ಸಹಾಯಕ ಧಾತುವು ಕ್ರಿಯೆಯ ಫಲವನ್ನು ಮಾಡುವವರ ಕಡೆಗೇ ತಿರುಗಿಸುತ್ತದೆ. ‘ನೀವು ನೀವು’ ಎಂಬ ದ್ವಿರುಕ್ತಿಯು ಮಾತನಾಡುವವಳನ್ನು ಆ ವ್ಯವಹಾರದಿಂದ ಹೊರಗಿಡುತ್ತದೆ. ಇದು ನಿಮ್ಮದೇ ವಿಷಯ ಎಂದು ಚಿತ್ರಿಸಿದ ಮೇಲೆ ನೇರ ರೂಪ ಬಳಸಲು ತಾಯಿಗೆ ಅಡ್ಡಿಯಿಲ್ಲ.

4. ಯಾರ ಮಾತು? ‘ಅಂತ’ ಮತ್ತು ‘ಅಂತೆ’

ಸಂದೇಶದಲ್ಲಿ ಇನ್ನೂ ಮೂರು ವಿಧಿರೂಪಗಳಿವೆ: (4)ರ ‘ಬರ್ರಿ’, (8)ರ ‘ಮಾಡಿಸ್ಕೊಳ್ರಿ’, (11)ರ ‘ಕೊಡ್ರಿ’. ಮೂರೂ ಉಲ್ಲೇಖಿತ ಮಾತಿನೊಳಗಿವೆ. ಮೊದಲನೆಯದು ತಾಯಿ ತಂದೆಗೆ ಹೇಳಿದ್ದು, ಎರಡನೆಯದು ಗ್ರಾಮದ ಕಂದಾಯ ನೌಕರ ಮನೆಯವರಿಗೆ ಹೇಳಿದ್ದು, ಮೂರನೆಯದು ಅಂಗಡಿಯವರು ಹೇಳಿದ್ದು. ಒಂದೂ ಮಗನಿಗೆ ಹೇಳಿದ್ದಲ್ಲ. ಕನ್ನಡದಲ್ಲಿ ಉಲ್ಲೇಖಿತ ವಾಕ್ಯವು ತನ್ನ ಕ್ರಿಯಾರೂಪವನ್ನು ಹಾಗೆಯೇ ಉಳಿಸಿಕೊಳ್ಳುತ್ತದೆ. ಅದು ಉಲ್ಲೇಖವೆಂದು ತಿಳಿಯುವುದು ನಂತರ ಬರುವ ‘ಅಂತ’ದಿಂದ, ಇಲ್ಲವೆ ‘ಅನ್ನು’ ಧಾತುವಿನ ಬೇರೊಂದು ರೂಪದಿಂದ. ಕೇಳುಗನು ವಿಧಿಯನ್ನು ಮೊದಲು ಕೇಳುತ್ತಾನೆ, ಅದು ಯಾರದೆಂಬುದನ್ನು ಆಮೇಲೆ ಕೇಳುತ್ತಾನೆ. ವೇಗ ಹೆಚ್ಚಿಸಿ ಕೇಳುವವರು ಈ ಎರಡನೆಯದನ್ನು ಕಳೆದುಕೊಳ್ಳುವುದು ಸುಲಭ.

(6)ರ ‘ಕೊಡೋಣ’ದಲ್ಲಿ ಅಪಾಯ ಇನ್ನೂ ಹೆಚ್ಚು. ಕನ್ನಡದ ‘ನಾವು’ ಕೇಳುಗನನ್ನು ಒಳಗೊಂಡಿದೆಯೋ ಇಲ್ಲವೋ ಎಂಬುದನ್ನು ಸ್ಪಷ್ಟಪಡಿಸುವುದಿಲ್ಲ. ಆದರೆ ‘-ಓಣ’ ರೂಪವು ಮಾತಾಡುವವನನ್ನೂ ಕೇಳುವವನನ್ನೂ ಒಟ್ಟಿಗೆ ಸೇರಿಸಿಕೊಳ್ಳುತ್ತದೆ. ‘ಚೇಣಿಗೆ ಕೊಡೋಣ’ ಎಂಬುದನ್ನು ‘ಅಂತ ನಿಮ್ ಚಿಕ್ಕಪ್ಪ ಅಂತಾರೆ’ ಎಂಬುದರಿಂದ ಬೇರ್ಪಡಿಸಿದರೆ ಅದು ತಾಯಿ ಮಗನ ಮುಂದಿಟ್ಟ ಸಲಹೆಯಾಗುತ್ತದೆ. ಅವಸರದ ಸಂಕ್ಷೇಪದಲ್ಲಿ ಆದದ್ದು ಇದೇ. ಮಗ ಅದನ್ನು ಓದಿ ಚಿಕ್ಕಪ್ಪನಿಗೆ ಫೋನು ಮಾಡಿ ‘ಆಗಲಿ, ಕೊಟ್ಟುಬಿಡಿ’ ಎಂದರೆ ತಂದೆಯ ಮನಸ್ಸನ್ನು ದಾಟಿ ತೀರ್ಮಾನ ಮಾಡಿದಂತಾಗುತ್ತದೆ. ತಾಯಿ ಹಾಗೆ ಮಾಡಲು ಹೇಳಿರಲಿಲ್ಲ. ಮಾತಾಡಿಕೊಳ್ಳಿ ಎಂದಷ್ಟೇ ಹೇಳಿದ್ದಳು.

‘ಅಂತೆ’ಯ ಕೆಲಸ ಬೇರೆ. ಅದು ಪೂರ್ಣಗೊಂಡ ವಾಕ್ಯದ ಕೊನೆಗೆ ಹತ್ತಿ, ಈ ಸುದ್ದಿ ತಾನು ಕಂಡದ್ದಲ್ಲ, ಕೇಳಿದ್ದು ಎಂದು ಸೂಚಿಸುತ್ತದೆ. ಹೇಳಿದವರು ಯಾರೆಂದು ತಿಳಿಸಬೇಕಾದ ಅಗತ್ಯ ಅದಕ್ಕಿಲ್ಲ. ‘ಜಾಸ್ತಿ ಕೊಡ್ತಾನಂತೆ’, ‘ಎಲ್ಲರ ಆಧಾರೂ ಬೇಕಂತೆ’ ಎಂಬಲ್ಲಿ ತಾಯಿ ಆ ಮಾತುಗಳ ಹೊಣೆಯನ್ನು ತಾನು ಹೊರುತ್ತಿಲ್ಲ. ‘ಬೆಲೆ ಜಾಸ್ತಿ ಸಿಗುತ್ತದೆ’ ಎಂದು ಬರೆದ ಸಂಕ್ಷೇಪಕಾರನು ಆ ಹೊಣೆಯನ್ನು ಅವಳ ತಲೆಗೆ ಕಟ್ಟುತ್ತಾನೆ.

ಮಾತಿನಲ್ಲಿ ಈ ಎರಡು ಪದಗಳಿಗಿರುವ ಅಂತರ ಕೊನೆಯ ಸ್ವರವೊಂದೇ. ಗಾಳಿ ಬೀಸುವ ಅಂಗಳದಲ್ಲಿ ಮುದ್ರಿಸಿದ ಸಂದೇಶದಲ್ಲಿ ಅದು ಸ್ಪಷ್ಟವಾಗಿ ಕೇಳದಿರಬಹುದು. ಆಗ ವಾಕ್ಯರಚನೆಯನ್ನು ನೋಡಬೇಕು. ‘ಅಂತ’ದ ನಂತರ ಹೇಳು, ಅನ್ನು, ಕೇಳು ಮೊದಲಾದ ಕ್ರಿಯಾಪದವೋ ‘ಮನಸು’, ‘ಆಸೆ’ಯಂತಹ ನಾಮಪದವೋ ಬರುವುದು ವಾಡಿಕೆ. ‘ಅಂತೆ’ಯ ನಂತರ ವಾಕ್ಯ ಮುಗಿದು ಉಸಿರಿನ ಬಿಡುವು ಬರುತ್ತದೆ.

5. ಕೋರಿಕೆಗಳ ನಡುವಿನ ಕೊಂಡಿ

ಸಂಕ್ಷೇಪವೆಂದರೆ ಪಟ್ಟಿ ಎಂಬ ಭಾವನೆ ಸಾಮಾನ್ಯ. ಪಟ್ಟಿಯು ಒಂದೊಂದು ವಿಷಯವನ್ನೂ ಬೇರೆಬೇರೆ ಸಾಲಿನಲ್ಲಿ ನಿಲ್ಲಿಸುತ್ತದೆ. ಮೊಣಕಾಲು ನೋವು ಒಂದು ಸಾಲು, ಚೇಣಿ ಇನ್ನೊಂದು ಸಾಲು. ಮಾದರಿಯಲ್ಲಿ ಇವು ಎರಡು ವಿಷಯಗಳಲ್ಲ ಎಂದು ತೋರಿಸಲು ಚೇಣಿಯ ಸ್ವರೂಪವನ್ನು ಸ್ವಲ್ಪ ವಿವರಿಸಬೇಕಾಗುತ್ತದೆ.

ಚೇಣಿಯೆಂದರೆ ತೋಟದ ಫಸಲನ್ನು ಕೊಯ್ಲಿಗೆ ಮುಂಚೆಯೇ ವ್ಯಾಪಾರಿಗೆ ವಹಿಸಿಕೊಡುವ ಕರಾರು. ದರದ ಲೆಕ್ಕ ಊರಿಂದೂರಿಗೆ, ಕರಾರಿನಿಂದ ಕರಾರಿಗೆ ಬದಲಾಗುತ್ತದೆ. ಆದರೆ ಕೊನೆ ಇಳಿಸುವುದು, ಸುಲಿಸುವುದು, ಬೇಯಿಸುವುದು, ಒಣಗಿಸುವುದು ಚೇಣಿದಾರನ ಪಾಲಿಗೆ ಹೋಗುತ್ತವೆ. ತಾವೇ ಕೊಯ್ಯಿಸಿದರೆ ಇವೆಲ್ಲಕ್ಕೂ ಆಳು ಹೊಂದಿಸುವುದು, ಅವರ ಮೇಲೆ ನಿಗಾ ಇಡುವುದು ತೋಟದವರ ಕೆಲಸ. ಅಡಿಕೆಯ ಗೊನೆಗಳು ಒಟ್ಟಿಗೆ ಬಲಿಯುವುದಿಲ್ಲವಾದ್ದರಿಂದ ಕೊಯ್ಲು ಹಲವು ಸುತ್ತುಗಳಲ್ಲಿ ತಿಂಗಳುಗಟ್ಟಲೆ ನಡೆಯುತ್ತದೆ.

ಈಗ (4)ನ್ನು ಮತ್ತೆ ಓದೋಣ. ತಂದೆ ವೈದ್ಯರ ಬಳಿಗೆ ಹೋಗದಿರಲು ಕೊಡುವ ಕಾರಣ ‘ಕೊಯ್ಲು ಮುಗೀಲಿ’ ಎಂಬುದು. ಹಾಗೆಂದರೆ ನೋವು ತಿಂಗಳುಗಟ್ಟಲೆ ಹಾಗೆಯೇ ಉಳಿಯುತ್ತದೆ. ತೋಟವನ್ನು ಚೇಣಿಗೆ ಕೊಟ್ಟರೆ ಆ ಕಾರಣವೇ ಇಲ್ಲವಾಗುತ್ತದೆ. ತಾಯಿ ಇದನ್ನು ಬಾಯಿಬಿಟ್ಟು ಹೇಳಿಲ್ಲ. (5)ರ ಬೆನ್ನಿಗೇ (6)ನ್ನು ಇಟ್ಟಿದ್ದಾಳೆ. ವಿಷಯ ಬದಲಾಗುವಲ್ಲಿ ಅವಳು ‘ಆಮೇಲೆ ಇನ್ನೊಂದು ವಿಷ್ಯ’ (8), ‘ಮತ್ತೆ’ (12) ಎಂದು ಸೂಚನೆ ಕೊಡುತ್ತಾಳೆ. (5) ಮತ್ತು (6)ರ ನಡುವೆ ಅಂತಹ ಸೂಚನೆಯಿಲ್ಲ. ವಿಷಯಾಂತರ ಸೂಚಕವನ್ನು ಇತರೆಡೆ ಬಳಸುವವರು ಒಂದೆಡೆ ಮಾತ್ರ ಬಿಟ್ಟಿದ್ದರೆ ಆ ಎರಡು ಮಾತುಗಳು ಒಂದೇ ಎಳೆಯವು ಎಂದು ಶಂಕಿಸಲು ಕಾರಣವಿದೆ.

ಹಾಗೆಂದು ‘ತೋಟ ಚೇಣಿಗೆ ಕೊಡಬೇಕೆಂಬುದು ಅವ್ವನ ಆಸೆ’ ಎಂದು ಬರೆಯುವಂತಿಲ್ಲ. ಅದು ಪಠ್ಯದಲ್ಲಿಲ್ಲ. ‘ನನಗೇನ್ ಗೊತ್ತಾಗುತ್ತೆ’ ಎಂದು ಅವಳು ತನ್ನ ಅಭಿಪ್ರಾಯವನ್ನು ಹಿಂದೆಗೆದುಕೊಂಡಿದ್ದಾಳೆ. ಸಂಕ್ಷೇಪಕಾರನು ಮಾಡಬಹುದಾದದ್ದು ಎರಡನ್ನೂ ಒಂದೇ ಸಾಲಿನಲ್ಲಿ ಇಡುವುದು. ಆಗ ಮಗನೇ ಕೊಂಡಿಯನ್ನು ಕಾಣುತ್ತಾನೆ, ತಾಯಿ ಹೇಳದ ಮಾತನ್ನು ಅವಳ ಬಾಯಿಗೆ ತುರುಕಿದಂತೆಯೂ ಆಗುವುದಿಲ್ಲ.

6. ಯಾವಾಗ, ಎಲ್ಲಿ?

ಬಿಡುವಿಲ್ಲದ ಓದುಗನಿಗೆ ಕೋರಿಕೆಯಷ್ಟೇ ಗಡುವೂ ಮುಖ್ಯ. ಈ ಸೀಮೆಯ ಸಂದೇಶಗಳಲ್ಲಿ ಗಡುವು ತಾರೀಖಿನ ರೂಪದಲ್ಲಿ ಬರುವುದು ಕಡಿಮೆ. ಅದನ್ನು ಮೂರು ಬಗೆಯಾಗಿ ವಿಂಗಡಿಸಿಕೊಂಡರೆ ಅನುಕೂಲ.

ಮೊದಲನೆಯದು ಪಂಚಾಂಗದಿಂದ ತಾರೀಖಿಗೆ ತಿರುಗಿಸಬಹುದಾದದ್ದು. ‘ಪಾಡ್ಯದ ದಿನ ಬೆಳಿಗ್ಗೆ’ ಎಂದರೆ ಬಲಿಪಾಡ್ಯಮಿ. ಅದು 2023ರಲ್ಲಿ ನವೆಂಬರ್ 14ರಂದು, 2025ರಲ್ಲಿ ಅಕ್ಟೋಬರ್ 22ರಂದು ಬಂದಿತ್ತು. ಅಮೆರಿಕದಲ್ಲಿ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುವುದು ನವೆಂಬರಿನ ಮೊದಲ ಭಾನುವಾರ. ಹೀಗಾಗಿ ಊರಿನ ಬೆಳಿಗ್ಗೆ 10 ಗಂಟೆಯು ಡಲ್ಲಾಸಿನಲ್ಲಿ 2025ರ ಹಬ್ಬಕ್ಕೆ ಹಿಂದಿನ ರಾತ್ರಿ 11.30 ಆಗಿದ್ದರೆ, 2023ರ ಹಬ್ಬಕ್ಕೆ ಹಿಂದಿನ ರಾತ್ರಿ 10.30 ಆಗಿತ್ತು. ಎರಡು ಸಲವೂ ಮಗನ ಕ್ಯಾಲೆಂಡರಿನಲ್ಲಿ ಅದು ಹಿಂದಿನ ದಿನ. ಊರಿನ ತಾರೀಖನ್ನಷ್ಟೇ ಬರೆದರೆ ಅವನು ಕರೆ ಮಾಡುವ ಹೊತ್ತಿಗೆ ಹಬ್ಬದ ಬೆಳಗು ಕಳೆದುಹೋಗಿರಬಹುದು.

ಎರಡನೆಯದು ಬೆಳೆಗೋ ಪ್ರಕಟಣೆಗೋ ಕಟ್ಟಿಕೊಂಡದ್ದು. ಚನ್ನಗಿರಿಯಲ್ಲಿ ‘ಕೊಯ್ಲಿಗೆ ಮುಂಚೆ’, ಹೊನ್ನಾಳಿಯ ಗದ್ದೆಯವರ ಬಾಯಲ್ಲಿ ‘ನಾಲೆಗೆ ನೀರು ಬಿಟ್ಟ ಮೇಲೆ’. ಇವಕ್ಕೆ ಅಂದಾಜು ಅವಧಿ ಇದೆ, ತಾರೀಖು ಇಲ್ಲ. ನಾಲೆಗೆ ನೀರು ಬಿಡುವ ದಿನ ಅಧಿಕೃತವಾಗಿ ಪ್ರಕಟವಾಗುವ ತನಕ ಕಾಯಬೇಕು. ಮೂರನೆಯದು ಜಗಳೂರಿನ ಹೊಲದವರು ಹೇಳುವ ‘ಮಳೆ ಆದ್ರೆ’. ಇದು ಗಡುವಿನಂತೆ ಕಂಡರೂ ಷರತ್ತು. ‘ಮಳೆ ಆದ್ರೆ ಬೀಜಕ್ಕೆ ಬೇಕಾಗುತ್ತೆ’ ಎಂಬುದನ್ನು ‘ಜೂನ್‌ನಲ್ಲಿ ಬೀಜಕ್ಕೆ ಹಣ ಬೇಕು’ ಎಂದು ತಿರುಗಿಸಿದರೆ ಇಲ್ಲದ ಖಚಿತತೆ ಬಂದುಬಿಡುತ್ತದೆ. ಎರಡನೆಯ ಮತ್ತು ಮೂರನೆಯ ಬಗೆಗಳನ್ನು ಹೇಳಿದಂತೆಯೇ ಉಳಿಸಬೇಕು.

ಸ್ಥಳಸೂಚಕ ಪದಗಳಲ್ಲಿಯೂ ಇಂತಹ ತೊಡಕಿದೆ. ನ್ಯಾಮತಿಯು ಹೊನ್ನಾಳಿ ತಾಲ್ಲೂಕಿನ ಭಾಗವಾಗಿತ್ತು. 2017–18ರ ರಾಜ್ಯ ಆಯವ್ಯಯದಲ್ಲಿ ಘೋಷಿಸಿದ ಹೊಸ ತಾಲ್ಲೂಕುಗಳಲ್ಲಿ ಅದೂ ಒಂದು. ಅದಕ್ಕೆ ಮುಂಚೆ ಊರು ಬಿಟ್ಟ ಮಗನಿಗೆ ‘ತಾಲ್ಲೂಕು ಆಫೀಸು’ ಎಂದರೆ ಹೊನ್ನಾಳಿ. ಊರಿನಲ್ಲಿರುವ ತಾಯಿಗೆ ಅದೇ ಪದ ನ್ಯಾಮತಿ. ಇಬ್ಬರೂ ಒಂದೇ ಪದವನ್ನು ತಡವರಿಸದೆ ಬಳಸುವುದರಿಂದ ಗೊಂದಲವು ಗಮನಕ್ಕೇ ಬರುವುದಿಲ್ಲ. ಸಂಕ್ಷೇಪದಲ್ಲಿ ಊರಿನ ಹೆಸರನ್ನು ಸೇರಿಸುವುದೊಂದೇ ಇದಕ್ಕೆ ಪರಿಹಾರ.

7. ‘ಕಳಿಸ್ಬೇಡ’ ಎಂಬ ನಿಷೇಧ

(10) ಮತ್ತು (11) ಸಂಕ್ಷೇಪಕಾರನಿಗೆ ಅತ್ಯಂತ ಕಷ್ಟದ ಸ್ಥಳ. ಒಂದು ಉಕ್ತಿ ಹಣ ಬೇಡವೆನ್ನುತ್ತದೆ. ಅದರ ಬೆನ್ನಿಗೇ ಬರುವ ಉಕ್ತಿ ಮುಂದಿನ ತಿಂಗಳು ತೀರಿಸಬೇಕಾದ ಬಾಕಿಯನ್ನು ತಿಳಿಸುತ್ತದೆ. ಕೇಳದೆಯೇ ಹೇಳಿದ ಈ ವಿವರವನ್ನು ಬ್ಲುಮ್‌-ಕುಲ್ಕಾ, ಹೌಸ್ ಮತ್ತು ಕ್ಯಾಸ್ಪರ್ ಅವರ 1989ರ ವರ್ಗೀಕರಣದಲ್ಲಿ ‘ಸುಳಿವು’ ಎಂದು ಕರೆಯಬಹುದು. ಪರೋಕ್ಷ ಕೋರಿಕೆಗಳಲ್ಲಿ ಅತ್ಯಂತ ಮಬ್ಬಾದದ್ದು ಇದು. ಸುಳಿವನ್ನು ಬಳಸುವುದರ ಪ್ರಯೋಜನವೇ ಅದನ್ನು ಕೋರಿಕೆಯಲ್ಲವೆಂದು ನಿರಾಕರಿಸಲು ಇರುವ ಅವಕಾಶ.

3ನೆಯ ಭಾಗದ ಸೂತ್ರ ಇಲ್ಲಿ ತೀರ್ಪು ಕೊಡಲಾರದು. ನಿಷೇಧವನ್ನು ನಿಜವೆಂದೇ ಓದಬಹುದು. ಆಗ (11) ಬರಿಯ ಸುದ್ದಿ, ‘ಸಾಲ ಸಿಕ್ಕಿದೆ, ತೊಂದರೆಯಿಲ್ಲ’ ಎಂಬುದಕ್ಕೆ ಸಾಕ್ಷಿ. ಸುಳಿವೆಂದೂ ಓದಬಹುದು. ಎರಡು ಓದುಗಳಿಗೂ ಪಠ್ಯದಲ್ಲಿ ಎಡೆಯಿದೆ. ಧ್ವನಿಯಲ್ಲಿ ಇರಬಹುದಾದ ತಡವರಿಕೆ, ಇಳಿದ ಸ್ವರ, ಬೇಗ ಮುಗಿಸುವ ಆತುರ ಇವು ಒಂದು ಕಡೆಗೆ ವಾಲಿಸಬಲ್ಲವು. ಆದರೆ ಆ ದನಿಯನ್ನು ಓದಬಲ್ಲವನು ಅದರೊಡನೆ ಬೆಳೆದ ಮಗನೇ ಹೊರತು ಸಂಕ್ಷೇಪಕಾರನಲ್ಲ. ಇಂತಹ ಕಡೆ ನಾವು ಸೂಚಿಸುವುದು ಇಷ್ಟು: ಎರಡೂ ಉಕ್ತಿಗಳನ್ನು ಅವು ಬಂದ ಕ್ರಮದಲ್ಲೇ ಬರೆದು, ಆ ಭಾಗವನ್ನು ಸ್ವತಃ ಕೇಳುವಂತೆ ಅದು ಬರುವ ನಿಮಿಷವನ್ನು ಸೂಚಿಸಬೇಕು. ‘ಹಣ ಬೇಡ’ ಎಂಬ ಸಾಲೂ ‘ಹಣ ಕಳುಹಿಸಬೇಕು’ ಎಂಬ ಸಾಲೂ ಇಲ್ಲಿ ಸಮಾನವಾಗಿ ತಪ್ಪು.

8. ಸಂಕ್ಷೇಪ ಮತ್ತು ಅದರ ಪರೀಕ್ಷೆ

ಮೇಲಿನ ವಿವೇಚನೆಯಂತೆ ಮಾದರಿ ಸಂದೇಶದ ಸಂಕ್ಷೇಪ ಹೀಗಾಗುತ್ತದೆ. ಆವರಣದಲ್ಲಿರುವುದು ಮೂಲದ ಉಕ್ತಿಸಂಖ್ಯೆ.

ಒಂದು: ಅಪ್ಪನೊಡನೆ ಮಾತಾಡಬೇಕು. ಮೊಣಕಾಲು ನೋವು ಹಾಗೆಯೇ ಇದೆ, ಕೊಯ್ಲು ಮುಗಿಯುವ ತನಕ ತೋರಿಸಿಕೊಳ್ಳುವುದಿಲ್ಲ ಎನ್ನುತ್ತಾರೆ. ನೀನು ಹೇಳಿದರೆ ಕೇಳಬಹುದು ಎಂಬುದು ಅವ್ವನ ನಿರೀಕ್ಷೆ. ತೋಟವನ್ನು ಚೇಣಿಗೆ ಕೊಡೋಣವೆಂದು ಚಿಕ್ಕಪ್ಪ ಹೇಳುತ್ತಿದ್ದಾರೆ, ಅಪ್ಪನಿಗೆ ತಾವೇ ಕೊಯ್ಯಿಸುವ ಮನಸ್ಸು. ಅವ್ವ ಯಾವ ಪಕ್ಷವನ್ನೂ ಹೇಳಿಲ್ಲ, ನೀವು ಮಾತಾಡಿಕೊಳ್ಳಿ ಎಂದಿದ್ದಾರೆ. ಚೇಣಿದಾರ ಹೆಚ್ಚು ಕೊಡುತ್ತಾನೆಂಬುದು ಕೇಳಿದ ಸುದ್ದಿ. ಕೊಯ್ಲಿಗೆ ಮುಂಚೆ ಆಗಬೇಕು. (3–7)

ಎರಡು: ಆಧಾರ್ ಪ್ರತಿ ಕಳುಹಿಸಬೇಕು. ಅಜ್ಜನ ಹೆಸರಿನ ಪಹಣಿಗೆ ಪೌತಿ ಖಾತೆ ಮಾಡಿಸಲು ವಂಶವೃಕ್ಷಕ್ಕೆ ಬೇಕೆಂದು ಯಾರೋ ಹೇಳಿದ್ದಾರೆ. ಗಡುವು ಹೇಳಿಲ್ಲ. (8–9)

ಮೂರು: ಬಲಿಪಾಡ್ಯಮಿಯ ಬೆಳಿಗ್ಗೆ, ಅಂದರೆ ನಿನಗೆ ಹಿಂದಿನ ರಾತ್ರಿ, ವಿಡಿಯೋ ಕರೆ ಮಾಡಬೇಕು. ತಂಗಿಯ ಮೊದಲ ದೀಪಾವಳಿ. (12)

ನೀನೇ ಕೇಳಬೇಕಾದದ್ದು: ಹಣ ಕಳುಹಿಸಬೇಡ ಎಂದಿದ್ದಾರೆ. ನಂತರ ಮೋಟಾರು ರಿಪೇರಿಯ ಬಾಕಿ ಮುಂದಿನ ತಿಂಗಳು ಕೊಡಬೇಕೆಂದು ಹೇಳಿದ್ದಾರೆ. (10–11)

‘ಅವಸರ ಏನಿಲ್ಲ’ ಎಂಬ ಮಾತು ಇದರಲ್ಲಿ ಇಲ್ಲದಿರುವುದನ್ನು ಗಮನಿಸಬೇಕು. (1)ರಲ್ಲಿ ಅದು ಸಂದೇಶವನ್ನು ಕೇಳುವುದಕ್ಕೆ ಸಂಬಂಧಿಸಿದ್ದೇ ಹೊರತು ಕೋರಿಕೆಗಳಿಗಲ್ಲ. ಅವಸರದ ಸಂಕ್ಷೇಪವು ಅದನ್ನು ಎಲ್ಲದರ ಮೇಲೂ ಹೊದಿಸಿತ್ತು.

ಸಂಕ್ಷೇಪವು ಸರಿಯಾಗಿದೆಯೇ ಎಂದು ತಿಳಿಯಲು ನಾವು ಎರಡು ಪರೀಕ್ಷೆಗಳನ್ನು ಸೂಚಿಸುತ್ತೇವೆ. ಮೊದಲನೆಯದರಲ್ಲಿ ಪ್ರತಿ ಸಾಲಿಗೂ ಮೂಲದ ಉಕ್ತಿಯನ್ನು ತೋರಿಸಿ, ‘ಇದು ಯಾರ ಮಾತು?’ ಎಂದು ಕೇಳಬೇಕು. ಉತ್ತರವಾಗಿ ಬರುವ ಹೆಸರು ಸಂಕ್ಷೇಪದಲ್ಲಿಯೂ ಇರಬೇಕು. ಎರಡನೆಯದು ಉತ್ತರದ ಪರೀಕ್ಷೆ. ಮೂಲವನ್ನು ಕೇಳದ ಒಬ್ಬರಿಗೆ ಸಂಕ್ಷೇಪವನ್ನಷ್ಟೇ ಕೊಟ್ಟು, ಮಗನ ಪರವಾಗಿ ತಾಯಿಗೆ ಉತ್ತರ ಹೇಳಲು ಕೇಳಬೇಕು. ಆ ಉತ್ತರಕ್ಕೆ ತಾಯಿ ‘ನಾನು ಹಂಗೆಲ್ಲಿ ಹೇಳಿದೆ?’ ಎನ್ನುವ ಸಾಧ್ಯತೆಯಿದ್ದರೆ ಸಂಕ್ಷೇಪವು ಏನನ್ನೋ ಸೇರಿಸಿದೆ. ‘ಮತ್ತೆ ನಿಮ್ಮಪ್ಪನ ವಿಷಯ?’ ಎನ್ನುವ ಸಾಧ್ಯತೆಯಿದ್ದರೆ ಏನನ್ನೋ ಬಿಟ್ಟಿದೆ. ಅವಸರದ ಸಂಕ್ಷೇಪವನ್ನು ಓದಿದವರು ‘ಆಗಲಿ, ಚೇಣಿಗೆ ಕೊಡಿ, ಅಪ್ಪನಿಗೆ ಹುಷಾರು ಎಂದು ಹೇಳಿ’ ಎಂದು ಉತ್ತರಿಸುವುದು ಸಹಜ. ಅದು ಎರಡು ಪ್ರಶ್ನೆಗಳನ್ನೂ ಒಟ್ಟಿಗೆ ಎಬ್ಬಿಸುತ್ತದೆ.

9. ಮಿತಿ

ಒಂದು ರಚಿತ ಮಾದರಿಯಿಂದ ಯಾವ ರೂಪ ಎಷ್ಟು ಬಾರಿ ಬರುತ್ತದೆ ಎಂಬುದನ್ನು ಹೇಳಲಾಗದು. ಅದಕ್ಕೆ ಕುಟುಂಬಗಳ ಒಪ್ಪಿಗೆ ಪಡೆದು ಸಂಗ್ರಹಿಸಿದ ಸಂದೇಶಗಳು ಬೇಕು, ಹೇಳಿದವರೂ ಕೇಳಿದವರೂ ಪ್ರತ್ಯೇಕವಾಗಿ ಗುರುತಿಸಿದ ಕೋರಿಕೆಗಳ ಪಟ್ಟಿ ಬೇಕು. ತಂದೆಯ ಸಂದೇಶಗಳಲ್ಲಿ ಹೊರೆ ಮತ್ತು ರೂಪಗಳ ಸಂಬಂಧ ಹೀಗೆಯೇ ಇರುತ್ತದೆಂದೂ, ಮಗಳಿಗೆ ಕಳುಹಿಸಿದ ಸಂದೇಶ ಮಗನಿಗೆ ಕಳುಹಿಸಿದ್ದರಂತೆಯೇ ಇರುತ್ತದೆಂದೂ ನಾವು ಊಹಿಸುವುದಿಲ್ಲ. ಇಲ್ಲಿ ತೋರಿಸಿರುವುದು ವಿಧ್ಯರ್ಥಕವನ್ನು ಹಿಂಬಾಲಿಸಿದ ಸಂಕ್ಷೇಪವು ತಾಯಿಯ ಅಕ್ಕರೆಯನ್ನು ಕೆಲಸವೆಂದೂ ಕೆಲಸವನ್ನು ಸುದ್ದಿಯೆಂದೂ ಓದುವ ಬಗೆಯನ್ನು, ಅದಕ್ಕೆ ಕನ್ನಡದ ಯಾವ ರೂಪಗಳು ಎಡೆಮಾಡಿಕೊಡುತ್ತವೆ ಎಂಬುದನ್ನು.